ಗಾಲ್ವೇ ಗಾಳಿ, ಅವೆನ್ಯೂ ರಸ್ತೆಯ ಫೋನು

2025ರ ಜನವರಿ 23, ಗುರುವಾರ ಸಂಜೆ. ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಯ ಯಜಮಾನರೊಬ್ಬರ ಫೋನಿಗೆ ಮೂರು ಫೋಟೊ ಬಂದವು. ಕಳಿಸಿದ್ದು ಐರ್ಲೆಂಡಿನ ಪಶ್ಚಿಮ ಕರಾವಳಿಯ ಗಾಲ್ವೇ ಊರಿನಲ್ಲಿ ಕೆಲಸಕ್ಕಿರುವ ಮಗಳು. ಮೊದಲನೆಯದು ಲ್ಯಾಪ್‌ಟಾಪ್ ಪರದೆಯಿಂದ ತೆಗೆದ ಕಪ್ಪು ಬಿಳುಪು ನಕ್ಷೆ, ಅದರ ತುಂಬ ಹೆಬ್ಬೆಟ್ಟಿನ ಗುರುತಿನಂತೆ ಸುತ್ತಿಕೊಂಡ ಗೆರೆಗಳು. ಎರಡನೆಯದು ಟೀವಿಯದು: ಮೋಡ, ಹನಿ, ಬಾಣ, ಅಂಕಿ. ಮೂರನೆಯದರಲ್ಲಿ ದೇಶಕ್ಕೆ ದೇಶವೇ ಕೆಂಪು. ಜೊತೆಗೆ ಒಂದು ಸಾಲು: "ನಾಳೆ ಗಾಳಿ ಜೋರಂತೆ ಅಪ್ಪಾ, ಎಲ್ಲದಕ್ಕೂ ರಜ, ಮನೇಲೇ ಇರ್ತೀನಿ."

ಎದುರಿಗೆ ಹುಡುಗರು ಪಿಯುಸಿ ಗೈಡು ಕೇಳುತ್ತ ನಿಂತಿದ್ದರೂ ಅವರ ಕಣ್ಣು ಫೋನಿನಲ್ಲೇ ಇತ್ತು. "ಈ ಗೆರೆಗಳು ಏನು ಹೇಳ್ತವೆ, ಸ್ವಲ್ಪ ನೋಡಿ ಸಾರ್. ಕೆಂಪು ಅಂದ್ರೆ ನಮ್ಮ ರೆಡ್ ಅಲರ್ಟೇ ತಾನೆ?" ಎಂದು ನನ್ನತ್ತ ಚಾಚಿದರು.

ಅವತ್ತು ಬರುತ್ತಿದ್ದ ಬಿರುಗಾಳಿಯ ಹೆಸರು ಏಯೋವಿನ್. ಬ್ರಿಟನ್ನಿನ ಹವಾಮಾನ ಇಲಾಖೆ, ಅಂದರೆ ಮೆಟ್ ಆಫೀಸ್, ಎರಡು ದಿನ ಮೊದಲೇ ಅದಕ್ಕೆ ಹೆಸರಿಟ್ಟಿತ್ತು. ಐರ್ಲೆಂಡಿನ ಇಲಾಖೆಯಾದ ಮೆಟ್ ಏರನ್ ಇಡೀ ದೇಶಕ್ಕೆ ಕೆಂಪು ಎಚ್ಚರಿಕೆ ಕೊಟ್ಟಿತ್ತು. ವಿದೇಶದ ನಕ್ಷೆಯನ್ನು ಬೆಂಗಳೂರಿನಲ್ಲಿ ಕೂತು ಓದುವುದು ಹೇಗೆ ಎಂಬುದಕ್ಕೆ ಈ ಮೂರು ಫೋಟೊಗಳಿಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ನಕ್ಷೆಯ ಫೋಟೊ ತೆಗೆಯುವವರು ಮಾಡುವ ಮೊದಲ ಕೆಲಸವೆಂದರೆ ಅದರ ಅಂಚನ್ನು ಕತ್ತರಿಸುವುದು. ಊರು ಚೆನ್ನಾಗಿ ಕಾಣಲಿ ಎಂದು ಹತ್ತಿರ ಹೋಗುತ್ತಾರೆ. ಮೂಲೆಯಲ್ಲಿದ್ದ ಸಣ್ಣ ಅಕ್ಷರ ಹೊರಗುಳಿಯುತ್ತದೆ. ಆದರೆ ನಕ್ಷೆಯ ಜೀವ ಇರುವುದು ಆ ಮೂಲೆಯಲ್ಲೇ. ಮೆಟ್ ಆಫೀಸಿನ ಒತ್ತಡದ ನಕ್ಷೆಯಾದರೆ ಅಲ್ಲಿ ಎರಡು ಸಂಗತಿ ಬರೆದಿರುತ್ತದೆ. ಒಂದು, ಅದು ಈಗಾಗಲೇ ಆಗಿಹೋದ ಸ್ಥಿತಿಯೋ ಮುಂದಾಗುವುದರ ಊಹೆಯೋ ಎಂಬುದು. ASXX ಎಂದಿದ್ದರೆ ಅಳೆದು ಬರೆದದ್ದು, FSXX ಎಂದಿದ್ದರೆ ಮುನ್ಸೂಚನೆ. ಅದರ ಜೊತೆಗಿನ T+24 ಎಂದರೆ ಲೆಕ್ಕ ಶುರುಮಾಡಿದ ಗಳಿಗೆಯಿಂದ 24 ಗಂಟೆ ಮುಂದಿನ ಚಿತ್ರ. ಇನ್ನೊಂದು, ಆ ಚಿತ್ರ ಯಾವ ಹೊತ್ತಿನದು ಎಂಬುದು. ಅದು UTC ಎಂಬ ವಿಶ್ವದ ಸಮಯದಲ್ಲಿರುತ್ತದೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಚಳಿಗಾಲದಲ್ಲಿ ಐರ್ಲೆಂಡಿನ ಗಡಿಯಾರವೂ UTCಯೂ ಒಂದೇ. ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಆಗ ಅಲ್ಲಿಯವರಿಗೇ ಎಡವಟ್ಟಾಗುತ್ತದೆ. ಟೀವಿಯ ನಕ್ಷೆ ಮಾತ್ರ ಯಾವಾಗಲೂ ಅಲ್ಲಿಯ ಗಡಿಯಾರದಲ್ಲೇ ಇರುತ್ತದೆ.

ನಮ್ಮ ಪುಸ್ತಕದಂಗಡಿಯವರ ಅದೃಷ್ಟಕ್ಕೆ ಮೂಲೆ ಅರ್ಧ ಉಳಿದಿತ್ತು: ಶುಕ್ರವಾರ, 12 UTC. ಅಂದರೆ ನಮ್ಮ ಶುಕ್ರವಾರ ಸಂಜೆ ಐದೂವರೆ. "ಹಾಗಾದ್ರೆ ಇನ್ನೂ ನಾಳೆ ಸಾಯಂಕಾಲದ ಮಾತು" ಎಂದು ಅವರು ಉಸಿರುಬಿಟ್ಟರು. ಅದು ಅಷ್ಟು ಸಲೀಸಲ್ಲ ಎಂಬುದು ಗೆರೆಗಳನ್ನು ಓದಿದ ಮೇಲೆ ಗೊತ್ತಾಗುತ್ತದೆ.

ಆ ಗೆರೆಗಳ ಹೆಸರು ಸಮಭಾರ ರೇಖೆ. ಎಂಟನೇ ಕ್ಲಾಸಿನ ಭೂಗೋಳದಲ್ಲಿ ಓದಿ ಮರೆತದ್ದು. ಗಾಳಿಯ ಭಾರ ಸಮನಾಗಿರುವ ಜಾಗಗಳನ್ನೆಲ್ಲ ಒಂದು ಗೆರೆಯಲ್ಲಿ ಜೋಡಿಸಿದರೆ ಒಂದು ರೇಖೆ. ಬ್ರಿಟನ್ನಿನ ನಕ್ಷೆಯಲ್ಲಿ ಪ್ರತಿ 4 ಹೆಕ್ಟೋಪಾಸ್ಕಲ್‌ಗೆ ಒಂದು ಗೆರೆ: 1012, 1008, 1004, ಹೀಗೆ. ಹೆಕ್ಟೋಪಾಸ್ಕಲ್ ಎಂದರೂ ಮಿಲಿಬಾರ್ ಎಂದರೂ ಒಂದೇ ಅಳತೆ. ಅವೆನ್ಯೂ ರಸ್ತೆಯಲ್ಲಿ ಸಿಗುವ ಹಳೇ ಅಟ್ಲಾಸುಗಳಲ್ಲಿ ಮಿಲಿಬಾರ್ ಇರುತ್ತದೆ, ಇನ್ನೂ ಹಳೆಯವುಗಳಲ್ಲಿ ಪಾದರಸದ ಇಂಚು. ಸಮುದ್ರ ಮಟ್ಟದ ಪ್ರಮಾಣಿತ ಒತ್ತಡವನ್ನು 1013.25 ಎನ್ನುತ್ತೇವಲ್ಲ, ಆ ಇಂಚಿನ ಲೆಕ್ಕದಲ್ಲಿ ಅದೇ 29.92.

ಯಜಮಾನರು ಅಂಥದೊಂದು ಅಟ್ಲಾಸನ್ನು ಅಟ್ಟದಿಂದ ಇಳಿಸಿ ಜನವರಿ ತಿಂಗಳ ಒತ್ತಡದ ನಕ್ಷೆ ತೆಗೆದರು. ಐರ್ಲೆಂಡಿನ ಮೇಲೆ ದೂರದೂರವಾಗಿ ಒಂದೆರಡು ಗೆರೆ, ಅಷ್ಟೆ. ಫೋಟೊದಲ್ಲಿ ನೋಡಿದರೆ ಗೆರೆಗಳ ಗುಂಪು. ಇದು ಪುಸ್ತಕದ ತಪ್ಪಲ್ಲ. ಅಟ್ಲಾಸಿನದು ಎಷ್ಟೋ ವರ್ಷಗಳ ಜನವರಿಗಳನ್ನೆಲ್ಲ ಕೂಡಿಸಿ ತೆಗೆದ ಸರಾಸರಿ. ಸರಾಸರಿಯಲ್ಲಿ ಬಿರುಗಾಳಿಗಳೆಲ್ಲ ಅಳಿಸಿಹೋಗಿರುತ್ತವೆ. ಫೋಟೊದಲ್ಲಿರುವುದು ಒಂದೇ ಗಳಿಗೆಯ ಚಿತ್ರ.

ಗೆರೆಗಳ ನಡುವೆ L ಎಂಬ ಅಕ್ಷರ, ಪಕ್ಕದಲ್ಲಿ 940ರ ಆಸುಪಾಸಿನ ಅಂಕಿ. L ಎಂದರೆ ಕಡಿಮೆ ಒತ್ತಡದ ಕೇಂದ್ರ. ನಮ್ಮ ಪೇಪರಿನವರು ವಾಯುಭಾರ ಕುಸಿತ ಎಂದು ಬರೆಯುವುದು ಇಂಥ ಕೇಂದ್ರಗಳ ಬಗ್ಗೆಯೇ. ಆ ಅಂಕಿಯೇ ನಮ್ಮವರನ್ನು ಮೊದಲು ಗೊಂದಲಕ್ಕೆ ಕೆಡವಿದ್ದು. ಅವರ ಫೋನಿನಲ್ಲಿ ಗಾಳಿಯ ಒತ್ತಡ ಅಳೆಯುವ ಆ್ಯಪ್ ಇತ್ತು. ತೆರೆದರೆ ಅವೆನ್ಯೂ ರಸ್ತೆಯಲ್ಲೇ 910 ಚಿಲ್ಲರೆ ತೋರಿಸುತ್ತಿದೆ. "ಅಲ್ಲಿ 940ಕ್ಕೇ ಪ್ರಳಯ ಅಂತಾರೆ, ಇಲ್ಲಿ 910ರಲ್ಲಿ ಎಲೆಯೂ ಅಲ್ಲಾಡ್ತಿಲ್ಲ" ಎಂದರು.

ಎರಡೂ ಅಂಕಿ ಸರಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಮೇಲೆ ಹೋದಂತೆ ತಲೆಯ ಮೇಲಿನ ಗಾಳಿ ಕಡಿಮೆಯಾಗುತ್ತದೆ. ಈ ಎತ್ತರಗಳಲ್ಲಿ ಹೆಚ್ಚು ಕಡಿಮೆ ಪ್ರತಿ 9 ಮೀಟರಿಗೆ 1 ಹೆಕ್ಟೋಪಾಸ್ಕಲ್ ಇಳಿಯುತ್ತದೆ. 920 ಮೀಟರಿಗೆ ನೂರರಷ್ಟು ಇಳಿಯಿತು. ಆ ನೂರನ್ನು ವಾಪಸು ಕೂಡಿಸಿದರೆ ಬೆಂಗಳೂರಿನ ಒತ್ತಡ 1012ರ ಹತ್ತಿರ ಬರುತ್ತದೆ. ನಕ್ಷೆಯಲ್ಲಿ ಗೆರೆ ಎಳೆಯುವ ಮೊದಲು ಎಲ್ಲ ಊರುಗಳ ಅಂಕಿಯನ್ನೂ ಹೀಗೆ ಸಮುದ್ರ ಮಟ್ಟಕ್ಕೆ ಇಳಿಸಿಕೊಳ್ಳುತ್ತಾರೆ. ಇಲ್ಲದಿದ್ದರೆ ಊಟಿ, ಮಡಿಕೇರಿ, ಬೆಂಗಳೂರು ಮೂರೂ ವರ್ಷವಿಡೀ ಚಂಡಮಾರುತದ ಕೇಂದ್ರಗಳಂತೆ ಕಾಣುತ್ತಿದ್ದವು. ಅವೆನ್ಯೂ ರಸ್ತೆಯ ಉತ್ತರದ ತುದಿಗೆ ಮೈಸೂರು ಬ್ಯಾಂಕ್ ಸರ್ಕಲ್, ಅದರಾಚೆ ಸೆಂಟ್ರಲ್ ಕಾಲೇಜು, ಅಲ್ಲೇ ಅರಮನೆ ರಸ್ತೆಯಲ್ಲಿ ಹವಾಮಾನ ಕೇಂದ್ರ. ಅಲ್ಲಿ ದಿನವೂ ಮಾಡುವ ಕೆಲಸಗಳಲ್ಲಿ ಈ ಇಳಿಸುವ ಲೆಕ್ಕವೂ ಒಂದು. ಹಾಗಾಗಿ ಫೋನಿನ 910ನ್ನು ನಕ್ಷೆಯ 940ರ ಪಕ್ಕ ಇಡುವಂತಿಲ್ಲ. 1012ರ ಪಕ್ಕ 940 ಇಟ್ಟು ನೋಡಿದಾಗ ಮಾತ್ರ ಆ ಕುಳಿ ಎಷ್ಟು ಆಳದ್ದು ಎಂದು ಗೊತ್ತಾಗುವುದು.

ಆಳಕ್ಕಿಂತ ಮುಖ್ಯವಾದದ್ದು ಕುಳಿ ಎಷ್ಟು ಬೇಗ ತೋಡಿಕೊಂಡಿತು ಎಂಬುದು. ಇದನ್ನು ಒಂದೇ ನಕ್ಷೆಯಿಂದ ಹೇಳಲಾಗದು. ಒಂದರ ಹಿಂದೆ ಒಂದು ಬಂದ ನಕ್ಷೆಗಳ ಪಕ್ಕಪಕ್ಕ L ಅಂಕಿಗಳನ್ನು ನೋಡಬೇಕು. ಆ ಅಕ್ಷಾಂಶಗಳಲ್ಲಿ 24 ಗಂಟೆಯಲ್ಲಿ ಸುಮಾರು 24 ಇಳಿದರೇ ಹವಾಮಾನದವರು ಅದನ್ನು ಸ್ಫೋಟಕ ಬೆಳವಣಿಗೆ ಎನ್ನುತ್ತಾರೆ. ಏಯೋವಿನ್ ಒಂದು ದಿನದಲ್ಲಿ ಇಳಿದದ್ದು 50ರಷ್ಟು.

ಇನ್ನು ಗಾಳಿ. ನಕ್ಷೆಯಲ್ಲಿ ಗಾಳಿಯ ವೇಗ ಬರೆದಿರುವುದಿಲ್ಲ. ಗೆರೆಗಳ ಒತ್ತಿನಿಂದ ಅದನ್ನು ತೆಗೆಯಬೇಕು. ಐರ್ಲೆಂಡಿನ ಅಕ್ಷಾಂಶಕ್ಕೆ ಒಂದು ಅನುಕೂಲವಾದ ಕಾಕತಾಳೀಯವಿದೆ. 4 ಹೆಕ್ಟೋಪಾಸ್ಕಲ್ ಅಂತರದ ಎರಡು ಗೆರೆಗಳ ನಡುವೆ 100 ಕಿಲೋಮೀಟರ್ ಜಾಗವಿದ್ದರೆ ಗಾಳಿಯ ವೇಗವೂ ಗಂಟೆಗೆ ಸುಮಾರು 100 ಕಿಲೋಮೀಟರ್. ಜಾಗ 200 ಆದರೆ ವೇಗ 50, ಜಾಗ 50 ಆದರೆ ವೇಗ 200. ದೂರ ಅಳೆಯಲು ಫೋಟೊದಲ್ಲಿ ಮಾಪಕ ಬೇಡ, ದೇಶವೇ ಮಾಪಕ. ಐರ್ಲೆಂಡ್ ದ್ವೀಪದ ತಲೆಯಿಂದ ಕಾಲಿನವರೆಗೆ ಹತ್ತಿರ ಹತ್ತಿರ 480 ಕಿಲೋಮೀಟರ್. ನಾವು ಫೋನಿನ ಪರದೆಯ ಮೇಲೆ ಒಂದು ಕಾಗದದ ಚೂರು ಇಟ್ಟು, ದ್ವೀಪದ ಉದ್ದಕ್ಕೆ ಗುರುತು ಮಾಡಿಕೊಂಡೆವು. ಆಮೇಲೆ L ಅಕ್ಷರದ ದಕ್ಷಿಣಕ್ಕೆ, ಗೆರೆಗಳು ಅತಿ ಒತ್ತಾಗಿರುವ ಕಡೆ, ಅದೇ ಉದ್ದದೊಳಗೆ ಎಷ್ಟು ಗೆರೆ ಹಿಡಿಸುತ್ತವೆ ಎಂದು ಎಣಿಸಬೇಕು. ಎಂಟು ಗೆರೆ ಹಿಡಿಸಿದರೆ ಒಂದೊಂದಕ್ಕೆ 60 ಕಿಲೋಮೀಟರ್. ಲೆಕ್ಕದಲ್ಲಿ ಗಾಳಿ ಗಂಟೆಗೆ 160ರ ಮೇಲೆ.

ಈ 160 ನೆಲದ ಮೇಲಿನ ಗಾಳಿಯಲ್ಲ. ಅದು ಮರ, ಗುಡ್ಡ, ಮನೆಗಳ ತಡೆ ಇಲ್ಲದ ಎತ್ತರದ್ದು, ನೆಲದಿಂದ ಅರ್ಧದಿಂದ ಒಂದು ಕಿಲೋಮೀಟರ್ ಮೇಲಿನದು. ತೆರೆದ ಕಡಲ ಮೇಲೆ ಅದರ ಮೂರರಲ್ಲಿ ಎರಡು ಭಾಗ, ನೆಲದ ಮೇಲೆ ಅರ್ಧದಷ್ಟು ಉಳಿಯುತ್ತದೆ. ಅಲ್ಲದೆ ಗೆರೆ ಕುಳಿಯ ಸುತ್ತ ಬಿಗಿಯಾಗಿ ಬಾಗಿದ್ದರೆ ನಿಜವಾದ ವೇಗ ಲೆಕ್ಕಕ್ಕಿಂತ ಇನ್ನೂ ಕಡಿಮೆ. ಆದರೆ ಬೀಸುಗಾಳಿಯಲ್ಲಿ ನಡುನಡುವೆ ಬಡಿಯುವ ಹೊಡೆತಗಳಿರುತ್ತವಲ್ಲ, ಅವು ಮೇಲಿನ ಗಾಳಿಯನ್ನೇ ಕೆಳಕ್ಕೆ ಎಳೆದು ತರುತ್ತವೆ. ಹೆಂಚು ಹಾರಿಸುವುದು, ಮರ ಉರುಳಿಸುವುದು ಈ ಹೊಡೆತ. ಹಾಗಾಗಿ ಗೆರೆಗಳಿಂದ ತೆಗೆದ ಅಂಕಿಯನ್ನು ಹೊಡೆತದ ಮೇಲ್ಮಿತಿಗೆ ಹತ್ತಿರದ್ದು ಎಂದು ಓದಿದರೆ ದೊಡ್ಡ ಮೋಸವಿಲ್ಲ.

ದಿಕ್ಕು ತಿಳಿಯುವುದು ಸುಲಭ. ಭೂಮಿಯ ಉತ್ತರಾರ್ಧದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತರೆ ಕಡಿಮೆ ಒತ್ತಡ ಎಡಗೈ ಕಡೆ. ಡಚ್ ವಿಜ್ಞಾನಿ ಬೈಸ್ ಬ್ಯಾಲಟ್ 1857ರಲ್ಲಿ ಹೇಳಿದ ನಿಯಮ ಇದು. ಗಾಲ್ವೇಯ ವಾಯವ್ಯಕ್ಕೆ L ಇದ್ದರೆ ಅಲ್ಲಿ ಗಾಳಿ ನೈರುತ್ಯದಿಂದ, ಅಂದರೆ ನೇರ ಅಟ್ಲಾಂಟಿಕ್ ಕಡಲ ಕಡೆಯಿಂದ. ನೆಲದ ಹತ್ತಿರ ಗಾಳಿ ಗೆರೆಯ ಜೊತೆಗೇ ಸಾಗದೆ ಸ್ವಲ್ಪ ಓರೆಯಾಗಿ ಕುಳಿಯ ಒಳಕ್ಕೆ ನುಗ್ಗುತ್ತದೆ ಎಂಬುದೊಂದು ತಿದ್ದುಪಡಿ.

ಈಗ ಯಜಮಾನರು ಬಿಟ್ಟ ಉಸಿರಿನ ವಿಷಯಕ್ಕೆ ಬರೋಣ. ಮೆಟ್ ಆಫೀಸಿನ ಈ ಮುನ್ಸೂಚನೆಯ ನಕ್ಷೆಗಳು 12 ಗಂಟೆಗೊಂದರಂತೆ ಬರುತ್ತವೆ: 00 UTC, 12 UTC. ಶುಕ್ರವಾರ 00ರ ನಕ್ಷೆ ತೆಗೆದು ನೋಡಿದರೆ ಕುಳಿ ಇನ್ನೂ ಐರ್ಲೆಂಡಿನಿಂದ ದೂರ, ಅಟ್ಲಾಂಟಿಕ್‌ನಲ್ಲಿ. 12ರ ನಕ್ಷೆಯಲ್ಲಿ ಅದು ಈಗಾಗಲೇ ದ್ವೀಪದ ಪಕ್ಕದಿಂದ ಹಾದು ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಹೋಗಿದೆ. ಮಗಳು ಕಳಿಸಿದ್ದು ಎರಡನೆಯದು. ಗಾಲ್ವೇಯ ಪಾಲಿನ ಕೆಟ್ಟ ಗಂಟೆಗಳು ಎರಡರಲ್ಲೂ ಇಲ್ಲ, ಅವು ನಡುವೆ ಬಿದ್ದಿವೆ. ಎರಡೂ L ಗುರುತುಗಳನ್ನು ಒಂದು ಗೆರೆಯಿಂದ ಸೇರಿಸಿ, ಅದರ ನಡುಭಾಗದಲ್ಲಿ ಕುಳಿಯನ್ನು ಕೂರಿಸಿ, ಒತ್ತುಗೆರೆಗಳ ಪಟ್ಟಿಯನ್ನೂ ಅದರ ಜೊತೆ ಸರಿಸಿದರೆ, ಆ ಪಟ್ಟಿ ಗಾಲ್ವೇಯ ಮೇಲೆ ಬರುವುದು ಅಲ್ಲಿಯ ನಸುಕಿಗೆ, ನಮ್ಮ ಶುಕ್ರವಾರ ಬೆಳಗಿನ ಹೊತ್ತಿಗೆ. ಸಾಯಂಕಾಲವಲ್ಲ.

ನಡೆದದ್ದೂ ಹಾಗೆಯೇ. ಜನವರಿ 24ರ ನಸುಕಿನ ಐದರ ಸುಮಾರಿಗೆ, ನಮ್ಮಲ್ಲಿ ಬೆಳಿಗ್ಗೆ ಹತ್ತೂವರೆ ಇರಬಹುದು, ಗಾಲ್ವೇ ಕೌಂಟಿಯ ಮೇಸ್ ಹೆಡ್ ಎಂಬ ಕಡಲ ತುದಿಯಲ್ಲಿ ಗಾಳಿಯ ಹೊಡೆತ ಗಂಟೆಗೆ 183 ಕಿಲೋಮೀಟರ್ ದಾಖಲಾಯಿತು. ಐರ್ಲೆಂಡಿನಲ್ಲಿ ಅದುವರೆಗಿನ ದಾಖಲೆ 1945ರ 182. ಏಳೂವರೆ ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟು ಹೋಯಿತು. ಎಷ್ಟೋ ಕಡೆ ಅದು ಬರಲು ದಿನಗಟ್ಟಲೆ ಹಿಡಿಯಿತು. ಹೀಗೆ ಕರೆಂಟು ಹೋದ ಕಡೆ ಫೋನಿಗೆ ಚಾರ್ಜೂ ಇರುವುದಿಲ್ಲ, ಟವರೂ ಮಲಗಿರುತ್ತದೆ. ಬಿರುಗಾಳಿ ದಾಟಿದ ಮೇಲೂ ಮಕ್ಕಳ ಫೋನು ಸಿಗದಿದ್ದರೆ ಮೊದಲು ಯೋಚಿಸಬೇಕಾದ ಕಾರಣ ಅದು. ಇದನ್ನು ಯಾವ ನಕ್ಷೆಯೂ ತೋರಿಸುವುದಿಲ್ಲ.

ಒಂದು ಎಚ್ಚರಿಕೆ ಹೇಳಲೇಬೇಕು. ಐರ್ಲೆಂಡಿನ ನಕ್ಷೆಯಲ್ಲಿ ಕಲಿತ ಕಣ್ಣನ್ನು ಭಾರತದ ನಕ್ಷೆಯ ಮೇಲೆ ಹಾಯಿಸಿದರೆ ಕೆಲಸಕ್ಕೆ ಬಾರದು. ಗಾಳಿ ಗೆರೆಗಳ ಜೊತೆಗೆ ಸಾಗುವುದು ಭೂಮಿ ತಿರುಗುವುದರಿಂದ, ಆ ತಿರುಗುವಿಕೆಯ ಪರಿಣಾಮ ಸಮಭಾಜಕದ ಕಡೆ ಬಂದಂತೆ ಕುಗ್ಗುತ್ತದೆ. ಬೆಂಗಳೂರು 13 ಡಿಗ್ರಿಯಲ್ಲಿದೆ, ಗಾಲ್ವೇ 53ರಲ್ಲಿ. ಅದೇ ಒತ್ತಿನ ಗೆರೆಗಳು ನಮ್ಮ ಮೇಲೆ ಬಂದರೆ ಲೆಕ್ಕದಲ್ಲಿ ಗಾಳಿ ಮೂರೂವರೆ ಪಟ್ಟು ಬರುತ್ತದೆ. ಅಂದರೆ ಇಲ್ಲಿ ಸಣ್ಣ ಒತ್ತಡದ ವ್ಯತ್ಯಾಸಕ್ಕೇ ಬೇಕಾದಷ್ಟು ಗಾಳಿ ಬೀಸುತ್ತದೆ. ಅದಕ್ಕೇ ನಮ್ಮ ಹವಾಮಾನ ಇಲಾಖೆ 4ರ ಬದಲು 2 ಹೆಕ್ಟೋಪಾಸ್ಕಲ್‌ಗೊಂದು ಗೆರೆ ಎಳೆಯುವುದು. ಮುಂಗಾರು ತುಂಬಿ ಬೀಸುವಾಗಲೂ ಗುಜರಾತಿನಿಂದ ಕೇರಳದವರೆಗೆ ಕರಾವಳಿಯ ಮೇಲೆ ಬೆರಳೆಣಿಕೆಯ ಗೆರೆಗಳು ಇದ್ದಾವು.

ಇದಕ್ಕೆ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಬೆಂಗಳೂರಿನ ವಾಯುಭಾರ ಮಾಪಕ ಮೋಡ, ಮಳೆಗೆ ಸಂಬಂಧವೇ ಇಲ್ಲದೆ ದಿನಕ್ಕೆರಡು ಸಲ ಏರಿಳಿಯುತ್ತದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಏರಿ, ಮಧ್ಯಾಹ್ನ ನಾಲ್ಕರ ಹೊತ್ತಿಗೆ ಮೂರು ನಾಲ್ಕು ಹೆಕ್ಟೋಪಾಸ್ಕಲ್ ಇಳಿದು, ರಾತ್ರಿ ಮತ್ತೆ ಏರುತ್ತದೆ. ಉಷ್ಣವಲಯದ ಎಲ್ಲ ಊರುಗಳಲ್ಲೂ ಹೀಗೆ. ಎರಡೆರಡಕ್ಕೆ ಗೆರೆ ಎಳೆಯುವ ಕಡೆ ಇದು ಒಂದೂವರೆ ಗೆರೆಯಷ್ಟಾಯಿತು. ಆದ್ದರಿಂದ ನಮ್ಮ ಒತ್ತಡವನ್ನು ನಿನ್ನೆಯ ಅದೇ ಗಂಟೆಯ ಅಂಕಿಯೊಂದಿಗೆ ಮಾತ್ರ ಹೋಲಿಸಬೇಕು. ಬೆಳಿಗ್ಗೆ ಆ್ಯಪ್ ನೋಡಿ, ಮತ್ತೆ ಸಂಜೆ ನೋಡಿ, "ಒತ್ತಡ ಬಿತ್ತು, ಮಳೆ ಬರುತ್ತೆ" ಎನ್ನುವವರು ದಿನಾ ಮಳೆ ಹೇಳಬೇಕಾಗುತ್ತದೆ. ಐರ್ಲೆಂಡಿನಲ್ಲಿ ಈ ಏರಿಳಿತ ಲೆಕ್ಕಕ್ಕೇ ಬಾರದಷ್ಟು ಸಣ್ಣದು. ಅಲ್ಲಿ ಸಂಜೆ ಮಾಪಕ ನಾಲ್ಕು ಇಳಿದಿದ್ದರೆ ನಿಜಕ್ಕೂ ಏನೋ ಬರುತ್ತಿದೆ.

ಕಪ್ಪು ಬಿಳುಪು ನಕ್ಷೆಯಲ್ಲಿ ಮಳೆಯ ಚಿಹ್ನೆಯೇ ಇರಲಿಲ್ಲ. ಹಾಗೆಂದು ಮಳೆ ಇಲ್ಲವೆಂದಲ್ಲ, ಅದು ಹಲ್ಲುಳ್ಳ ಗೆರೆಗಳಲ್ಲಿ ಅಡಗಿರುತ್ತದೆ. ಬೆಚ್ಚನೆಯ ಗಾಳಿಯ ರಾಶಿ ತಣ್ಣನೆಯದಕ್ಕೆ ತಾಗುವ ಗಡಿಯನ್ನು ಅಲ್ಲಿಯವರು ಫ್ರಂಟ್ ಎನ್ನುತ್ತಾರೆ. ಅರ್ಧಚಂದ್ರದ ಸಾಲಿದ್ದರೆ ಬೆಚ್ಚನೆ ಗಾಳಿ ಮುನ್ನುಗ್ಗುತ್ತಿದೆ, ತ್ರಿಕೋನದ ಸಾಲಿದ್ದರೆ ತಣ್ಣನೆಯದು. ಎರಡೂ ಒಂದೇ ಗೆರೆಯ ಮೇಲೆ, ಒಂದೇ ಬದಿಗಿದ್ದರೆ ತಣ್ಣನೆಯದು ಬೆಚ್ಚನೆಯದನ್ನು ಹಿಡಿದು ನೆಲದಿಂದ ಮೇಲಕ್ಕೆತ್ತಿದೆ. ಬಣ್ಣದ ನಕ್ಷೆಯಲ್ಲಿ ಇವು ಕೆಂಪು, ನೀಲಿ, ನೇರಳೆ. ಬಣ್ಣ ಹೋದರೂ ಆಕಾರ ಉಳಿಯುತ್ತದೆ. ಹಲ್ಲು ಯಾವ ಕಡೆಗೆ ಚಾಚಿದೆಯೋ ಗೆರೆ ಆ ಕಡೆ ಸಾಗುತ್ತಿದೆ. ಅರ್ಧಚಂದ್ರದ ಗೆರೆಯ ಮುಂದೆ ತಾಸುಗಟ್ಟಲೆ ಜಿನುಗುವ ಮಳೆ, ತ್ರಿಕೋನದ ಗೆರೆ ದಾಟುವಾಗ ಗಂಟೆಯೊಳಗೆ ಮುಗಿಯುವ ಜೋರು ಮಳೆ, ಅದರ ಹಿಂದೆ ಬಿಟ್ಟು ಬಿಟ್ಟು ಸುರಿಯುವ ಮಳೆ. ನಮ್ಮ ಮಳೆಗೆ ಇಂಥ ಗೆರೆಗಳಿಲ್ಲ. ಬೆಂಗಳೂರಿನ ಮೇ ತಿಂಗಳ ಗುಡುಗು ಮಳೆ ಅಲ್ಲಲ್ಲೇ ಎದ್ದು ಅಲ್ಲಲ್ಲೇ ಬೀಳುವಂಥದು, ಮಲ್ಲೇಶ್ವರದಲ್ಲಿ ಸುರಿದು ಚಾಮರಾಜಪೇಟೆಯನ್ನು ಒಣಗಲು ಬಿಟ್ಟಿರುತ್ತದೆ.

ಟೀವಿ ನಕ್ಷೆಯ ಮೋಡ, ಹನಿಗಳ ವಿಷಯದಲ್ಲಿ ಹೇಳಬೇಕಾದದ್ದು ಒಂದೇ. ಎರಡು ಹನಿಯ ಮೋಡ ಕಂಡರೆ ಜೋರು ಮಳೆ ಎಂದರ್ಥ, ಆದರೆ ಯಾರ ಜೋರು? ಬ್ರಿಟನ್ನಿನ ಮೆಟ್ ಆಫೀಸಿನ ಪರಿಭಾಷೆಯಲ್ಲಿ ಎಡೆಬಿಡದ ಮಳೆ ಗಂಟೆಗೆ 4 ಮಿಲಿಮೀಟರ್ ದಾಟಿದರೆ ಅದು ಭಾರಿ. ಭಾರತದ ಇಲಾಖೆ ಭಾರಿ ಮಳೆ ಎಂಬ ಮಾತು ಎತ್ತುವುದು 24 ಗಂಟೆಯಲ್ಲಿ 64.5 ಮಿಲಿಮೀಟರ್ ಆದಾಗ. ಅತಿ ಭಾರಿ ಎನ್ನಲು 115.6, ಅತ್ಯಂತ ಭಾರಿ ಎನ್ನಲು 204.5 ಆಗಬೇಕು. 2024ರ ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111.1 ಮಿಲಿಮೀಟರ್ ಸುರಿದು ಜೂನ್ ತಿಂಗಳ ದಾಖಲೆ ಮುರಿಯಿತಲ್ಲ, ಅದು ಕೂಡ ಈ ಪಟ್ಟಿಯಲ್ಲಿ ಬರೀ ಭಾರಿ, ಅತಿ ಭಾರಿಯಲ್ಲ. ಇನ್ನು ಡಬ್ಲಿನ್‌ನಲ್ಲಿ ವರ್ಷವಿಡೀ ಬೀಳುವ ಮಳೆ ಬೆಂಗಳೂರಿನದಕ್ಕಿಂತ ಕಡಿಮೆ, ಆದರೆ ಅದು ಸಣ್ಣ ಸಣ್ಣದಾಗಿ ಬಹಳ ದಿನಗಳ ಮೇಲೆ ಹರಡಿಕೊಂಡು ಬೀಳುತ್ತದೆ. ವಾರವಿಡೀ ಹನಿಯ ಮೋಡಗಳೇ ತುಂಬಿದ ಪರದೆಯ ಫೋಟೊ ಬಂದರೆ ಇಲ್ಲಿಯ ತಾಯಂದಿರು ಗಾಬರಿಯಾಗಬೇಕಿಲ್ಲ. ಅಲ್ಲಿಯ ಮಟ್ಟಿಗೆ ಅದು ಮಾಮೂಲಿ ವಾರ.

ಅದೇ ಟೀವಿ ನಕ್ಷೆಯಲ್ಲಿ ಬಾಣದ ಪಕ್ಕ ಇರುವ ಅಂಕಿಯನ್ನು ಮಾತ್ರ ಹುಷಾರಾಗಿ ಓದಬೇಕು. ಐರ್ಲೆಂಡಿನ ಇಲಾಖೆ ಕಿಲೋಮೀಟರಿನಲ್ಲಿ ಹೇಳುತ್ತದೆ. ಗಡಿಯಾಚೆ ಉತ್ತರ ಐರ್ಲೆಂಡಿನಲ್ಲಿ, ಬ್ರಿಟನ್ನಿನ ಟೀವಿಗಳಲ್ಲಿ, ಮೈಲಿ. ಮೇಸ್ ಹೆಡ್‌ನ 183 ಕಿಲೋಮೀಟರೇ ಬ್ರಿಟನ್ನಿನ ಪರದೆಯಲ್ಲಿ 114 ಆಗಿ ಕಾಣುತ್ತದೆ. ಎರಡು ಮನೆಯವರು ಎರಡು ಚಾನೆಲಿನ ಫೋಟೊ ಕಳಿಸಿದರೆ ಒಬ್ಬರ ಕಡೆ ಗಾಳಿ ತುಂಬ ಕಡಿಮೆ ಎನ್ನಿಸಿಬಿಡುತ್ತದೆ.

ಕೊನೆಗೆ ಬಣ್ಣ. ಪರದೆಯಿಂದ ಕ್ಯಾಮೆರಾಗೆ, ಕ್ಯಾಮೆರಾದಿಂದ ಇನ್ನೊಂದು ಪರದೆಗೆ ಹೋಗುವಾಗ ಹಳದಿ ಕಿತ್ತಳೆಯಾಗುತ್ತದೆ, ಕಿತ್ತಳೆ ಕೆಂಪಾಗುತ್ತದೆ. ರಾತ್ರಿ ಹೊತ್ತು ಕಣ್ಣಿಗೆ ಹಿತವಾಗಲೆಂದು ಫೋನು ತಾನೇ ಹಳದಿ ಛಾಯೆ ಹಾಕಿಕೊಂಡಿದ್ದರಂತೂ ಹೇಳುವುದೇ ಬೇಡ. ಇದನ್ನು ಪತ್ತೆ ಹಚ್ಚುವ ದಾರಿ ಫೋಟೊದೊಳಗೇ ಇದೆ. ನಕ್ಷೆಯಲ್ಲಿ ಬಿಳಿಯಾಗಿರಲೇಬೇಕಾದ ಜಾಗ ಯಾವುದಾದರೂ ಇರುತ್ತದೆ, ಹೆಚ್ಚಾಗಿ ಅಕ್ಷರಗಳು. ಆ ಬಿಳಿ ಕೆನೆ ಬಣ್ಣಕ್ಕೆ ತಿರುಗಿದ್ದರೆ ಉಳಿದ ಬಣ್ಣಗಳೂ ಒಂದು ಮೆಟ್ಟಿಲು ಕೆಂಪಿನ ಕಡೆ ಜಾರಿವೆ ಎಂದು ತಿಳಿಯಬೇಕು. ಅದಕ್ಕಿಂತ ಮೊದಲು ಇದು ಎಚ್ಚರಿಕೆಯ ಬಣ್ಣವೇ ಎಂದು ಕೇಳಿಕೊಳ್ಳಬೇಕು. ಉಷ್ಣಾಂಶದ ನಕ್ಷೆಯಲ್ಲಿ ಕೆಂಪು ಎಂದರೆ ಬಿಸಿಲು, ರೇಡಾರ್ ನಕ್ಷೆಯಲ್ಲಿ ಕೆಂಪು ಎಂದರೆ ಆ ಕ್ಷಣದ ಜೋರು ಮಳೆ. ಎಚ್ಚರಿಕೆಯ ನಕ್ಷೆಯಲ್ಲಿ ಬಣ್ಣ ಜಿಲ್ಲೆಯ ಗಡಿಗೆ ಸರಿಯಾಗಿ ನಿಲ್ಲುತ್ತದೆ, ಇಲ್ಲವೇ ದೊಡ್ಡ ದೊಡ್ಡ ನೇರ ಅಂಚಿನ ತುಂಡುಗಳಾಗಿರುತ್ತದೆ. ಉಳಿದೆರಡರಲ್ಲಿ ಅದು ಮೋಡದಂತೆ ಹರಡಿರುತ್ತದೆ.

"ನಮ್ಮ ರೆಡ್ ಅಲರ್ಟೇ ತಾನೆ?" ಎಂಬ ಪ್ರಶ್ನೆಗೆ ಐರ್ಲೆಂಡಿನ ಮಟ್ಟಿಗೆ ಉತ್ತರ, ಹೆಚ್ಚು ಕಡಿಮೆ ಹೌದು. ನಮ್ಮಲ್ಲಿ ಹಸಿರು, ಹಳದಿ, ಕಿತ್ತಳೆ, ಕೆಂಪು. ಅಲ್ಲಿ ಹಳದಿ, ಕಿತ್ತಳೆ, ಕೆಂಪು. ನಮ್ಮಲ್ಲಿ ಹೆಚ್ಚಾಗಿ ಕೆಂಪು ಬರುವುದು ಮಳೆಗೆ, ಅವರಲ್ಲಿ ಗಾಳಿಗೆ. ಐರ್ಲೆಂಡಿನ ಗಾಳಿಯ ಕೆಂಪಿಗೆ ಒಂದು ಅಳತೆಯಿದೆ: ಸರಾಸರಿ ವೇಗ ಗಂಟೆಗೆ 80 ಕಿಲೋಮೀಟರ್ ಅಥವಾ ಹೊಡೆತ 130 ದಾಟುವ ನಿರೀಕ್ಷೆ. ಹಾಗೆ ಕೆಂಪು ಬಂತೆಂದರೆ ಆ ಕೌಂಟಿಯವರು ಹೊರಗೆ ಹೋಗಬಾರದು, ಸ್ಕೂಲು ಮುಚ್ಚಬೇಕು ಎಂದೇ ಅರ್ಥ. ಇಡೀ ದೇಶ ಕೆಂಪಾಗಿದ್ದರೂ ಒಂದೊಂದು ಕೌಂಟಿಗೆ ಒಂದೊಂದು ಹೊತ್ತು ಗೊತ್ತುಮಾಡಿರುತ್ತಾರೆ. ಬಣ್ಣದ ಫೋಟೊಗಿಂತ ಆ ಹೊತ್ತು ಬರೆದ ಎರಡು ಸಾಲಿನ ಫೋಟೊ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮಗಳಿಗೆ ಕೇಳಿ ಅದನ್ನು ತರಿಸಿಕೊಂಡೆವು.

ಬ್ರಿಟನ್ನಿನ ಹಳದಿ ಇಷ್ಟು ಸರಳವಲ್ಲ. ಅಲ್ಲಿ ಬಣ್ಣವನ್ನು ನಿರ್ಧರಿಸುವುದು ಎರಡು ಸಂಗತಿ ಸೇರಿ: ಅನಾಹುತ ಎಷ್ಟು ದೊಡ್ಡದು, ಆಗುವ ಸಂಭವ ಎಷ್ಟು. ಸಣ್ಣ ತೊಂದರೆ, ಆಗುವುದು ಗ್ಯಾರಂಟಿ ಎಂದಾದರೂ ಹಳದಿ. ಭಾರಿ ಅನಾಹುತ, ಆದರೆ ಆಗುವ ಸಂಭವ ಕಡಿಮೆ ಎಂದಾದರೂ ಹಳದಿಯೇ. ಯಾವ ಹಳದಿ ಎಂದು ತಿಳಿಯಲು ಎಚ್ಚರಿಕೆಯ ಜೊತೆ ಒಂದು ಪುಟ್ಟ ಚೌಕದ ಕೋಷ್ಟಕ ಇರುತ್ತದೆ, ಅದರ ಒಂದು ಮನೆಯಲ್ಲಿ ಟಿಕ್ ಗುರುತು. ಟಿಕ್ ಬಲಕ್ಕೆ ಸರಿದಷ್ಟೂ ಅನಾಹುತ ದೊಡ್ಡದು, ಮೇಲಕ್ಕೆ ಸರಿದಷ್ಟೂ ಸಂಭವ ಹೆಚ್ಚು. ಬಲಗಡೆ ಕೆಳಮೂಲೆಯ ಹಳದಿ ನಾಳೆ ಕಿತ್ತಳೆಯಾಗಿಯೋ ಕೆಂಪಾಗಿಯೋ ಏಳಬಹುದು. ಎಡಗಡೆ ಮೇಲ್ಮೂಲೆಯದು ಹಾಗೆಯೇ ಉಳಿಯುವ ಜಾತಿ. ಫೋಟೊ ತೆಗೆಯುವವರು ಮೊದಲು ಕತ್ತರಿಸುವುದು ಈ ಚೌಕವನ್ನೇ.

ಐರ್ಲೆಂಡ್, ಬ್ರಿಟನ್ ಬಿಟ್ಟು ಬೇರೆ ಕಡೆ ಮಕ್ಕಳಿರುವವರಿಗೆ ನಮ್ಮ ಕೆಂಪಿನ ಲೆಕ್ಕ ಸಾಲದು. ಜರ್ಮನಿಯಲ್ಲಿ ಕೆಂಪಿನ ಮೇಲೆ ಇನ್ನೊಂದು ಮೆಟ್ಟಿಲಿದೆ, ನೇರಳೆ. ಮ್ಯೂನಿಕ್‌ನಿಂದ ಬಂದ ಕೆಂಪು ನಕ್ಷೆ ಕೊನೆಯ ಮಾತಲ್ಲ. ಹಾಂಗ್‌ಕಾಂಗ್‌ನಲ್ಲಿ ಮಳೆಯ ಎಚ್ಚರಿಕೆ ಆಂಬರ್‌ನಿಂದ ಶುರುವಾಗಿ ಕೆಂಪು ದಾಟಿ ಕಪ್ಪಿಗೆ ಮುಟ್ಟುತ್ತದೆ, ಗಂಟೆಗೆ 30, 50, 70 ಮಿಲಿಮೀಟರ್ ಮಳೆಯ ಲೆಕ್ಕದಲ್ಲಿ. ಅಮೆರಿಕದ್ದು ಮೆಟ್ಟಿಲೇ ಅಲ್ಲ. ಅಲ್ಲಿಯ ಹವಾಮಾನ ಸೇವೆಯ ನಕ್ಷೆಯಲ್ಲಿ ಒಂದೊಂದು ಬಗೆಯ ಅಪಾಯಕ್ಕೆ ಒಂದೊಂದು ಬಣ್ಣ: ಸುಂಟರಗಾಳಿಯ ಎಚ್ಚರಿಕೆಗೆ ಕೆಂಪು, ಹಿಮಪಾತದ ಬಿರುಗಾಳಿಗೆ ಗಾಢ ಗುಲಾಬಿ, ನದಿ ಉಕ್ಕುವ ಪ್ರವಾಹದ ಎಚ್ಚರಿಕೆಗೆ ತಿಳಿಹಸಿರು. ಡಲ್ಲಾಸ್‌ನ ಮಗ ಕಳಿಸಿದ ನಕ್ಷೆಯಲ್ಲಿ ಅವನ ಕೌಂಟಿ ಹಸಿರಾಗಿದ್ದರೆ, ಅವನ ಮನೆ ನದಿಯಿಂದ ಎಷ್ಟು ದೂರ ಎಂದು ಕೇಳಬೇಕು.